ಸರಾಸರಿ ಸೇವೆ ಐದು ವರ್ಷ

ಲೆಕ್ಕ ತಪಾಸಣೆಗೆ ಬಂದವರನ್ನು ಯಾವ ಕಂಪನಿಯಲ್ಲೂ ಯಾರೂ ಬೈಯುವುದಿಲ್ಲ. ಬೈದರೆ ಎಲ್ಲಿ ಸಲಿಗೆ ಬೆಳೆದುಬಿಡುತ್ತದೋ ಎಂಬ ಅಂಜಿಕೆ ಇರಬೇಕು. ಕುರ್ಚಿ ಕೊಡುತ್ತಾರೆ, ಚಹಾ ಕೊಡುತ್ತಾರೆ, ಇವತ್ತು ಕೇಳಿದ ಕಾಗದವನ್ನು ನಾಳೆ ಕೊಡುತ್ತಾರೆ. ಮೆಟ್ಟಿಲ ಮೇಲೆ ಎದುರಾದರೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಬಿಸಿಲಿನ ಬಗ್ಗೆ ಶುರುಮಾಡುತ್ತಾರೆ. ಟಿಕ್ ಮಾಸ್ತರರು ಮೂವತ್ತು ವರ್ಷದ ವೃತ್ತಿಯಲ್ಲಿ ಬಿಸಿಲಿನ ಬಗ್ಗೆ ಕೇಳಿದಷ್ಟು ಹವಾಮಾನ ಇಲಾಖೆಯವರೂ ಕೇಳಿರಲಾರರು.

ಹಸಿರು ಪೆನ್ನಿನಲ್ಲಿ ಅವರು ಹಾಕುತ್ತಿದ್ದ ಟಿಕ್ಕಿನಿಂದ ಆ ಹೆಸರು ಬಂತು. ಒಂದೊಂದು ಟಿಕ್ಕೂ ಅಳತೆ ಹಿಡಿದು ಬರೆದ ಹಾಗೆ ಇರುತ್ತಿತ್ತು. ಆಡಿಟ್ ಫರ್ಮಿಗೆ ಅವರು ಸೇರಿದಾಗ ಪೆನ್ನು ಎಲ್ಲರ ಕೈಯಲ್ಲೂ ಇತ್ತು. ಈಗ ಎಲ್ಲರ ಕೈಯಲ್ಲೂ ಕಂಪ್ಯೂಟರ್. ಮಾಸ್ತರರೂ ಅದರಲ್ಲೇ ಕೆಲಸ ಮಾಡುತ್ತಾರೆ, ಆದರೆ ಮುಖ್ಯವಾದ ಹಾಳೆಯನ್ನು ಮುದ್ರಿಸಿಕೊಂಡು ಒಂದು ಸಲ ಹಸಿರಿನಲ್ಲಿ ಗುರುತು ಹಾಕದಿದ್ದರೆ ಅವರಿಗೆ ಕೆಲಸ ಮಾಡಿದ ಹಾಗೆ ಅನ್ನಿಸುವುದಿಲ್ಲ. ಫರ್ಮಿನ ಹಿರಿಯ ಪಾಲುದಾರರು ಇದನ್ನು 'ನಮ್ಮ ಪರಂಪರೆ' ಎಂದು ಗಿರಾಕಿಗಳಿಗೆ ಪರಿಚಯಿಸುತ್ತಾರೆ. ಪರಂಪರೆಗೆ ಸಂಬಳ ಹೆಚ್ಚಿಸಬೇಕಾಗಿಲ್ಲ ಎಂಬುದು ಅವರ ನಂಬಿಕೆ.

ಮಾಸ್ತರರು ಮದುವೆಯಾಗಲಿಲ್ಲ. ಏಕೆ ಆಗಲಿಲ್ಲ ಎಂದು ಕೇಳಿದರೆ ಅವರು ಒಂದು ಕ್ಷಣ ಯೋಚಿಸಿ, "ಮಾರ್ಚ್‌ನಲ್ಲಿ ಆಗೋ ಹಾಗಿರಲಿಲ್ಲ, ಏಪ್ರಿಲ್‌ನಿಂದ ಆಡಿಟ್ಟು" ಎನ್ನುತ್ತಿದ್ದರು. ಇದು ಜೋಕೋ ನಿಜವೋ ಎಂದು ಕೇಳಿದವರಿಗೆ ಗೊತ್ತಾಗುತ್ತಿರಲಿಲ್ಲ. ಅವರಿಗೂ ಪೂರ್ತಿ ಗೊತ್ತಿರಲಿಲ್ಲ ಎಂದು ನನ್ನ ಅನುಮಾನ. ಒಬ್ಬಳು ಅಕ್ಕ ಇದ್ದಳು, ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಭಾನುವಾರ ಫೋನು ಮಾಡುತ್ತಿದ್ದಳು.

"ರಜೆ ಹಾಕಿ ಬಾರೋ. ಮಕ್ಕಳೆಲ್ಲ ಮಾಮ ಮಾಮ ಅಂತಾರೆ."

"ಈಗ ಆಗಲ್ಲ ಕಣೇ ಅಕ್ಕ. ಕೆಲಸ."

"ನಿನ್ನ ಕೆಲಸ ಯಾವತ್ತು ಮುಗಿದಿದೆ? ಬರೋದಾದ್ರೆ ಬಾ, ಇಲ್ಲಾಂದ್ರೆ ಬರಲ್ಲ ಅಂತ ಹೇಳು. ಕೆಲಸದ ಮೇಲೆ ಹಾಕಬೇಡ, ಅದು ಪಾಪ ಏನು ಮಾಡಿದೆ."

ಯಾರೂ ಅವರಿಗೆ ರಜೆ ನಿರಾಕರಿಸಿರಲಿಲ್ಲ. ಅಕ್ಕನ ಮನೆಯಲ್ಲಿ ಎರಡನೇ ದಿನ ಮಧ್ಯಾಹ್ನದ ಮೇಲೆ ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಹೀಗೆ ಅವರ ರಜೆಗಳು ವರ್ಷ ವರ್ಷ ಒಟ್ಟಾಗಿ, ಫರ್ಮಿನ ನಿಯಮದಂತೆ ಮಿತಿ ಮುಟ್ಟಿ, ಮಿಕ್ಕಿದ್ದು ರದ್ದಾಗುತ್ತಿತ್ತು. ಬೇರೆಯವರು ಬಳಸದ ರಜೆಗೆ ಕಂಪನಿ ಎಷ್ಟು ಕೊಡಬೇಕಾಗುತ್ತದೆ ಎಂದು ಪೈಸೆ ಬಿಡದೆ ನೋಡುವುದು ಅವರ ಕೆಲಸದಲ್ಲೊಂದಾಗಿತ್ತು. ಈ ತಮಾಷೆ ಅವರಿಗೆ ಹೊಳೆದಿರಲಿಲ್ಲ ಎಂದಲ್ಲ. ಹೇಳಿಕೊಂಡು ನಗಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ವರ್ಷದಲ್ಲಿ ಎರಡು ವಾರ ಮಾತ್ರ ಒಬ್ಬರು ಇದ್ದರು. ಬೀಗದ ಕಾರ್ಖಾನೆಯ ಹಣಕಾಸು ಮ್ಯಾನೇಜರು.

ಆ ಕಾರ್ಖಾನೆಯಲ್ಲಿ ಆಡಿಟ್‌ನವರಿಗೆ ಕೊಡುತ್ತಿದ್ದದ್ದು ಬೀಗಗಳ ಮಾದರಿ ಇಡುತ್ತಿದ್ದ ಹಳೆಯ 'ಮಾದರಿ ಕೋಣೆ'. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಬೀಗಗಳು: ಗೋದಾಮಿನವು, ಸೈಕಲ್ಲಿನವು, ಅಂಗಡಿ ಶಟರಿನವು. ಎಲ್ಲವೂ ಹಾಕಿದ ಸ್ಥಿತಿಯಲ್ಲಿ ತೂಗುತ್ತಿದ್ದವು. ಕಿಟಕಿಯಾಚೆ ಪಾಲಿಶ್ ವಿಭಾಗದ ತಗಡಿನ ಚಾವಣಿ. ಮಧ್ಯಾಹ್ನದ ಗಂಟೆ ಹೊಡೆದರೆ ಮೇಲಿನ ಮಹಡಿಯವರೆಲ್ಲ ಕ್ಯಾಂಟೀನಿಗೆ ಇಳಿಯುತ್ತಿದ್ದರು, ಮ್ಯಾನೇಜರು ಮಾತ್ರ ಊಟದ ಡಬ್ಬಿ ಹಿಡಿದು ಮಾದರಿ ಕೋಣೆಗೆ ಬರುತ್ತಿದ್ದರು. ಮೊದಲ ವರ್ಷ ಅದು ಮರ್ಯಾದೆಗೆ. ಮಾಸ್ತರರು ಒಣ ಬ್ರೆಡ್ಡು ತಿನ್ನುತ್ತಿದ್ದುದನ್ನು ಅವರು ಮನೆಯಲ್ಲಿ ಹೇಳಿದರಂತೆ, ಮರುದಿನದಿಂದ ಡಬ್ಬಿಗೆ ಇನ್ನೊಂದು ಅಂತಸ್ತು ಸೇರಿತು. ಆಮೇಲೆ ಪ್ರತಿ ವರ್ಷವೂ.

ಗಿರಾಕಿಗಳಿಂದ ಏನನ್ನೂ ಸ್ವೀಕರಿಸಬಾರದು ಎಂದು ಫರ್ಮಿನಲ್ಲಿ ಕಟ್ಟುನಿಟ್ಟಿನ ನಿಯಮ. ಮ್ಯಾನೇಜರ ಹೆಂಡತಿ ಕಳಿಸುವ ಅನ್ನ ಮತ್ತು ಹುರಿದ ತರಕಾರಿ ಉಡುಗೊರೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಮಾಸ್ತರರು ಗಂಭೀರವಾಗಿ ಆಲೋಚಿಸಿ, ಮೊತ್ತ ಗಣನೀಯವಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ರುಚಿಯ ವಿಷಯದಲ್ಲಿ ಅವರ ತೀರ್ಮಾನ ಬೇರೆ ಇತ್ತು.

"ಏನ್ರೀ ಮಾಸ್ತರೇ, ಈ ಸಲ ಏನು ಹಿಡಿದ್ರಿ?" ಎಂದು ಮ್ಯಾನೇಜರು ಡಬ್ಬಿ ಬಿಚ್ಚುತ್ತ ಕೇಳುವರು.

"ನಿಮ್ಮ ಟ್ಯಾಕ್ಸಿ ಬಿಲ್ಲು ಎರಡು ಸಲ ಹಾಕಿದೀರಿ."

"ಅದನ್ನ ನಿಮಗೋಸ್ಕರಾನೇ ಬಿಟ್ಟಿದ್ದು. ಏನೂ ಸಿಗದೆ ಹೋದ್ರೆ ನಿಮಗೆ ಊಟ ಸೇರುತ್ತಾ?"

ಇಂಥ ಮಾತು. ಅಷ್ಟಕ್ಕೆ ಮಾಸ್ತರರು ಉಳಿದ ಐವತ್ತು ವಾರ ಕಾಯುತ್ತಿದ್ದರು.

ಈ ವರ್ಷ ಮಾಸ್ತರರು ಬಂದ ಮೊದಲ ದಿನವೇ ಮ್ಯಾನೇಜರು ಒಂದು ಹೊಳಪಿನ ರಟ್ಟಿನ ವರದಿಯನ್ನು ಮೇಜಿನ ಮೇಲಿಟ್ಟರು. ನವಜಾತ ಶಿಶುವನ್ನು ತೋರಿಸುವ ತಂದೆಯ ಮುಖ.

"ಆಕ್ಚುಯರಿ ವರದಿ. ನಾನೇ ಹೇಳಿ ಮಾಡಿಸಿದ್ದು."

ಕೆಲಸ ಬಿಡುವಾಗ, ನಿವೃತ್ತರಾಗುವಾಗ ನೌಕರರಿಗೆ ಸೇವೆಯ ವರ್ಷಕ್ಕಿಷ್ಟು ಎಂದು ಕೊಡುವ ಹಣ ಗ್ರಾಚ್ಯುಟಿ. ಬಳಸದ ರಜೆಗೆ ಕೊಡುವುದು ರಜೆಯ ನಗದು. ಕೊಡುವುದು ಎಂದೋ ಆದರೂ ಹೊಣೆ ದಿನದಿನವೂ ಬೆಳೆಯುತ್ತಿರುವುದರಿಂದ ಪ್ರತಿ ವರ್ಷದ ಲೆಕ್ಕದಲ್ಲೂ ಅದನ್ನು ಸಾಲವೆಂದು ತೋರಿಸಬೇಕು. ಇಷ್ಟು ವರ್ಷ ಮ್ಯಾನೇಜರು ತಮ್ಮದೇ ಕೈಬರಹದ ಪಟ್ಟಿ ಇಟ್ಟುಕೊಂಡು, ಎಲ್ಲರೂ ಇವತ್ತೇ ಮನೆಗೆ ಹೋದರೆ ಎಷ್ಟು ಎಂದು ಕೂಡಿಸುತ್ತಿದ್ದರು. ಆ ವಿಧಾನ ಸಾಲದು, ಆಕ್ಚುಯರಿಯಿಂದ ಮೌಲ್ಯಮಾಪನ ಮಾಡಿಸಿ ಎಂದು ಮಾಸ್ತರರೇ ಹಿಂದಿನ ವರ್ಷಗಳಲ್ಲಿ ಬರೆದುಕೊಟ್ಟಿದ್ದರು. ಆಕ್ಚುಯರಿಗಳು ಈ ಲೆಕ್ಕದ ಪಂಡಿತರು. ನೂರು ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿ ಬಿಟ್ಟುಹೋಗುತ್ತಾರೆ, ಎಷ್ಟು ಮಂದಿ ಸಾಯುತ್ತಾರೆ, ಉಳಿದವರ ಸಂಬಳ ನಿವೃತ್ತಿಯ ಹೊತ್ತಿಗೆ ಎಷ್ಟಾಗಿರುತ್ತದೆ, ಅಂದು ಕೊಡುವ ಹಣಕ್ಕೆ ಇಂದಿನ ಬೆಲೆ ಎಷ್ಟು, ಇವೆಲ್ಲ ಅವರಿಗೆ ಗೊತ್ತು. ಯಾರು ಸಾಯುತ್ತಾರೆ ಎಂದು ಮಾತ್ರ ಗೊತ್ತಿಲ್ಲ, ಹಾಗಾಗಿ ಅವರನ್ನು ಮದುವೆಮನೆಗೆ ಕರೆಯಲು ಅಡ್ಡಿಯಿಲ್ಲ.

"ಗ್ರಾಚ್ಯುಟಿ ಹೋದ ವರ್ಷದ ಮೂರನೇ ಒಂದು ಪಾಲಿಗೆ ಇಳಿದಿದೆ ನೋಡಿ," ಎಂದರು ಮ್ಯಾನೇಜರು. "ನಾವು ಇಷ್ಟು ದಿನ ದಡ್ಡರ ಹಾಗೆ ಕೂಡಿಸ್ತಾ ಕೂತಿದ್ವಿ. ಇದು ವಿಜ್ಞಾನ. ಲಾಭ ಹೇಗೆ ಏರಿದೆ ಗೊತ್ತಾ? ಯಜಮಾನರು ಮೊನ್ನೆ ಮೀಟಿಂಗ್‌ನಲ್ಲಿ ನನ್ನ ಹೆಗಲ ಮೇಲೆ ಕೈ ಇಟ್ರು."

"ಇಡಲಿ ಬಿಡಿ, ಒಳ್ಳೇದೇ."

"ಸುಮ್ನೆ ಇಡೋ ಕೈ ಅಲ್ಲ ಅದು. ನಿರ್ದೇಶಕರ ಮಂಡಳೀಲಿ ಒಂದು ಕುರ್ಚಿ ಖಾಲಿ ಇದೆ. ನನ್ನ ಹೆಸರು ಓಡ್ತಾ ಇದೆ ಮಾಸ್ತರೇ." ಅವರು ಮಾತು ತಗ್ಗಿಸಿದರು. "ಮನೇಲಿ ಇನ್ನೂ ಹೇಳಿಲ್ಲ. ನಿಮಗೇ ಮೊದಲು ಹೇಳ್ತಿರೋದು."

ತಮಗೇ ಮೊದಲು ಎಂಬ ಮಾತನ್ನು ಮಾಸ್ತರರು ಆ ಸಂಜೆ ಬಸ್ಸಿನಲ್ಲಿ ಕೂತು ಇನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡರು. ಬಹಳ ವರ್ಷಗಳಿಂದ ಅವರಿಗೆ ಯಾರೂ ಏನನ್ನೂ ಮೊದಲು ಹೇಳಿರಲಿಲ್ಲ.

ಹಿರಿಯ ಪಾಲುದಾರರಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರೂ ಖುಷಿಯಾದರು. "ಆಕ್ಚುಯರಿ ಸಹಿ ಇದೆ ತಾನೆ? ಮುಗೀತಲ್ಲ. ತಜ್ಞರ ವರದಿಯನ್ನು ಅವಲಂಬಿಸಿದ್ದೇವೆ ಅಂತ ಒಂದು ಸಾಲು ಬರೆದು ಫೈಲಿಗೆ ಹಾಕಿ. ಸಾವಿನ ಲೆಕ್ಕ ನಮಗೆ ಬರುತ್ತಾ?"

"ಬರಲ್ಲ ಸರ್. ಎಷ್ಟರ ಮಟ್ಟಿಗೆ ಅವಲಂಬಿಸಬಹುದು ಅಂತ ಮಾತ್ರ ನೋಡ್ತೀನಿ."

"ನೋಡಿ ನೋಡಿ. ಬೇಗ ನೋಡಿ."

ಮಾಸ್ತರರು ನೋಡಿದರು. ಆಕ್ಚುಯರಿಗೆ ವೃತ್ತಿಸಂಸ್ಥೆಯ ಸದಸ್ಯತ್ವ ಚಾಲ್ತಿಯಲ್ಲಿತ್ತು, ಇಂಥ ಕೆಲಸದ ಅನುಭವವಿತ್ತು, ಕಂಪನಿಯವರ ನೆಂಟರಲ್ಲ. ವಿಧಾನ ಲೆಕ್ಕದ ನಿಯಮ ಹೇಳಿದ್ದೇ. ಇಂದಿನ ಬೆಲೆಗೆ ಇಳಿಸಲು ಹಿಡಿದ ಬಡ್ಡಿಯ ದರ ಸರ್ಕಾರಿ ಸಾಲಪತ್ರಗಳ ದರಕ್ಕೆ ಹೊಂದುತ್ತಿತ್ತು, ಸಂಬಳ ಏರಿಕೆಯ ಅಂದಾಜು ಕಾರ್ಮಿಕರೊಂದಿಗಿನ ಒಪ್ಪಂದಕ್ಕೆ. ಕೆಲಸ ಬಿಡುವವರ ಪ್ರಮಾಣವನ್ನು ಮಾಸ್ತರರೇ ಹಿಂದಿನ ವರ್ಷಗಳ ರಾಜೀನಾಮೆಗಳಿಗೆ ಹೋಲಿಸಿದರು, ಸರಿಯಿತ್ತು. ಈ ಕಾರ್ಖಾನೆ ಬಿಟ್ಟುಹೋಗುವವರೇ ಕಡಿಮೆ. ಆಮೇಲೆ ಆಕ್ಚುಯರಿಗೆ ಕಂಪನಿ ಕಳಿಸಿದ ಮಾಹಿತಿ. ತಲೆಗಳ ಸಂಖ್ಯೆ ಸಂಬಳ ಪಟ್ಟಿಗೆ ಕೂಡಿತು, ಸಂಬಳದ ಮೊತ್ತ ಕೂಡಿತು. ಉಳಿದ ರಜೆಯ ದಿನಗಳನ್ನು ಅಲ್ಲಲ್ಲಿ ಆರಿಸಿ ಹಾಜರಾತಿಗೆ ತಾಳೆ ನೋಡಿದರು. ಅದೂ ಕೂಡಿತು. ಹಸಿರು ಟಿಕ್ಕುಗಳು ಸಾಲಾಗಿ ನಿಂತವು. ಇಷ್ಟು ಅಂದವಾಗಿ ಕೂಡಿಬರುವುದನ್ನು ನೋಡಿದರೆ ಬೇರೆಯವರಿಗೆ ಹಸಿವಾಗುತ್ತದೆ; ಮಾಸ್ತರರು ಮಾತ್ರ ವರದಿಯನ್ನು ಮತ್ತೆ ತಿರುವಿದರು.

ಅವರ ಕಣ್ಣು ನಿಂತದ್ದು ಹಿಂಬದಿಯ ಪುಟದಲ್ಲಿ ಎಲ್ಲರೂ ಹಾರಿಸಿ ಹೋಗುವ ಎರಡು ಸಾಲಿನ ಮೇಲೆ. ನೌಕರರ ಸರಾಸರಿ ವಯಸ್ಸು, ನಲವತ್ತೊಂಬತ್ತು. ಸರಾಸರಿ ಸೇವೆ, ಐದು ವರ್ಷ ಚಿಲ್ಲರೆ.

ಅಂದರೆ ಇವರೆಲ್ಲ ನಲವತ್ತನಾಲ್ಕು ವರ್ಷದವರೆಗೆ ಎಲ್ಲಿದ್ದರು? ಬೀಗ ಮಾಡುವ ಆಸೆ ಎಲ್ಲರಿಗೂ ಒಟ್ಟಿಗೆ ನಡುವಯಸ್ಸಿನಲ್ಲಿ ಹುಟ್ಟಿತೆ? ಪಾಲಿಶ್ ವಿಭಾಗದಲ್ಲಿ ಕೆಮ್ಮುತ್ತ ಓಡಾಡುವ ಮೇಸ್ತ್ರಿಯನ್ನು ಮಾಸ್ತರರು ತಮ್ಮ ತಲೆ ಕಪ್ಪಾಗಿದ್ದ ದಿನದಿಂದ ಕಂಡಿದ್ದರು. ಆತನ ಸೇವೆಯೂ ಐದು ವರ್ಷ ಚಿಲ್ಲರೆಯೇ?

ಅವರು ನೌಕರರ ವೈಯಕ್ತಿಕ ಕಡತಗಳನ್ನು ತರಿಸಿ, ಆರಿಸಿದವರ ನೇಮಕದ ಪತ್ರಗಳನ್ನು ಮಾಹಿತಿಯ ಪಕ್ಕದಲ್ಲಿಟ್ಟರು. ಮುಚ್ಚಿಟ್ಟದ್ದೇನೂ ಇರಲಿಲ್ಲ, ಸುಮ್ಮನೆ ಬೆಪ್ಪುತನ. ಆರು ವರ್ಷದ ಕೆಳಗೆ ಸಂಬಳದ ಹೊಸ ಸಾಫ್ಟ್‌ವೇರ್ ಬಂದಿತ್ತು. ಸೇರಿದ ತಾರೀಖು ತುಂಬದಿದ್ದರೆ ಅದು ಮುಂದೆ ಹೋಗಲು ಬಿಡುತ್ತಿರಲಿಲ್ಲ. ನಮೂದಿಸುವವರಿಗೆ ಕಡತ ಹುಡುಕುವ ಪುರುಸೊತ್ತಿಲ್ಲ. ಹಳಬರೆಲ್ಲರಿಗೂ ಸಾಫ್ಟ್‌ವೇರ್ ಶುರುವಾದ ದಿನವನ್ನೇ ಹಾಕಿ ಕೈತೊಳೆದುಕೊಂಡಿದ್ದರು. ತಿಂಗಳ ಸಂಬಳಕ್ಕೆ ಆ ತಾರೀಖು ಬೇಕಿಲ್ಲವಾದ್ದರಿಂದ ಯಾರ ಜೇಬಿಗೂ ತಗಲಲಿಲ್ಲ. ನಿವೃತ್ತರಾದವರ ಲೆಕ್ಕವನ್ನು ಕಡತ ನೋಡಿಯೇ ಮಾಡುತ್ತಿದ್ದರು. ಮ್ಯಾನೇಜರ ಕೈಬರಹದ ಪಟ್ಟಿಯಲ್ಲೂ ನಿಜವಾದ ತಾರೀಖುಗಳಿದ್ದವು. ಆದರೆ ವಿಜ್ಞಾನಕ್ಕೆ ಕೈಬರಹ ಕಳಿಸಲು ಅವರಿಗೆ ನಾಚಿಕೆಯಾಗಿ ಸಾಫ್ಟ್‌ವೇರ್‌ನಿಂದಲೇ ತೆಗೆಸಿ ಕಳಿಸಿದ್ದರು.

ಹೀಗೆ ಇಡೀ ಕಾರ್ಖಾನೆ ಒಂದೇ ದಿನ ಕೆಲಸಕ್ಕೆ ಸೇರಿತ್ತು. ಅವರ ಯೌವನವೆಲ್ಲ ಲೆಕ್ಕದಿಂದ ಹೊರಗೆ ಬಿದ್ದಿತ್ತು.

ಖಾತ್ರಿಗೆಂದು ಮಾಸ್ತರರು ಆಕ್ಚುಯರಿಗೆ ಫೋನು ಮಾಡಿದರು. ಮೃದುವಾದ, ಯಾವುದಕ್ಕೂ ಆಶ್ಚರ್ಯಪಡದ ದನಿ.

"ವಯಸ್ಸು ನಲವತ್ತೊಂಬತ್ತು, ಸೇವೆ ಐದು. ನಿಮಗೆ ಇದು ವಿಚಿತ್ರ ಅನ್ನಿಸಲಿಲ್ವಾ ಸರ್?"

"ಅನ್ನಿಸಿತು. ಬರೆದು ಕೇಳಿದ್ದೆ. 'ಮಾಹಿತಿ ಸರಿಯಿದೆ' ಅಂತ ಮ್ಯಾನೇಜರ್ ಉತ್ತರ ಕೊಟ್ಟರು. ವಯಸ್ಸಾದವರಿಗೆ ಕೆಲಸ ಕೊಡೋ ಪುಣ್ಯಾತ್ಮರು ಯಾರೋ ಇರಬೇಕು ಅಂದ್ಕೊಂಡೆ."

"ಮಾಹಿತಿಯನ್ನ ನೀವು ಪರಿಶೀಲಿಸೋದಿಲ್ಲ."

"ಕಂಪನಿ ಕೊಟ್ಟದ್ದು, ನಾನು ತಪಾಸಣೆ ಮಾಡಿಲ್ಲ ಅಂತ ವರದಿಯಲ್ಲೇ ಇದೆಯಲ್ಲ. ತಪಾಸಣೆ ಮಾಡೋರು ನೀವು." ದನಿಯಲ್ಲಿ ಕೊಂಕಿರಲಿಲ್ಲ. "ಸರಿಯಾದ ತಾರೀಖು ಕಳಿಸಿ, ಹೊಸ ವರದಿ ಕೊಡ್ತೀನಿ. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲದವರು ಅವರೊಬ್ಬರೇ.

ಮಾದರಿ ಕೋಣೆಯಲ್ಲಿ ಕೂತು ಮಾಸ್ತರರು ಈ ಏರ್ಪಾಡನ್ನು ಮೆಚ್ಚಿಕೊಂಡರು. ಕಂಪನಿ ಆಕ್ಚುಯರಿಯನ್ನು ನಂಬಿದೆ. ಆಕ್ಚುಯರಿ ಕಂಪನಿಯ ಮಾಹಿತಿಯನ್ನು ನಂಬಿದ್ದಾರೆ. ಆಡಿಟ್‌ನವರು ಆಕ್ಚುಯರಿಯನ್ನು ನಂಬಿ ಸಹಿ ಹಾಕಲಿದ್ದಾರೆ, ಆ ಸಹಿ ನೋಡಿ ಕಂಪನಿಗೆ ತನ್ನ ಮಾಹಿತಿಯ ಮೇಲೆ ನಂಬಿಕೆ ಗಟ್ಟಿಯಾಗಲಿದೆ. ಮೂವರು ಕುಡುಕರು ಒಬ್ಬರ ಹೆಗಲಿಗೊಬ್ಬರು ಕೈಹಾಕಿ ಮನೆಗೆ ಹೊರಟ ಹಾಗೆ. ಒಬ್ಬ ಹೆಗಲು ಜಾರಿಸಿದರೆ ಮೂವರೂ ರಸ್ತೆಗೆ. ಆ ಒಬ್ಬ ತಾನಾಗಬೇಕು. ಫೈಲಿನಲ್ಲಿ ಒಂದು ಸಾಲು ಬರೆದರೆ ಯಾರೂ ಬೀಳುವುದಿಲ್ಲ; ಮ್ಯಾನೇಜರಿಗೆ ಕುರ್ಚಿ ಸಿಗುತ್ತದೆ; ಮುಂದಿನ ವರ್ಷವೂ ಡಬ್ಬಿಗೆ ಆ ಅಂತಸ್ತು ಇರುತ್ತದೆ. ಇಷ್ಟನ್ನೂ ಅವರು ಸ್ಪಷ್ಟವಾಗಿ ಯೋಚಿಸಿದರು. ಯೋಚಿಸಲಿಲ್ಲ ಎಂದರೆ ಅವರನ್ನು ದೇವರನ್ನಾಗಿ ಮಾಡಿದ ಹಾಗಾಗುತ್ತದೆ, ಅದನ್ನು ಅವರೂ ಒಪ್ಪುವುದಿಲ್ಲ.

ಗಂಟೆ ಹೊಡೆಯಿತು. ಮ್ಯಾನೇಜರು ಡಬ್ಬಿಯೊಂದಿಗೆ ಬಂದರು.

ಮಾಸ್ತರರು ಪೂರ್ತಿ ಊಟ ಮಾಡಿದರು. ನಿಧಾನವಾಗಿ, ಅಂತಸ್ತಿನ ಅಂಚಿಗೆ ಅಂಟಿದ್ದನ್ನೂ ಬಿಡದೆ. ಕೈತೊಳೆದು ಬಂದು, ಒರೆಸಿಕೊಂಡು, ಹಸಿರು ಗುರುತಿನ ಹಾಳೆಯನ್ನು ಮುಂದೆ ಸರಿಸಿದರು.

"ಸೇರಿದ ತಾರೀಖು ತಪ್ಪಿದೆ."

ಮ್ಯಾನೇಜರು ಓದಿದರು. ಬುದ್ಧಿವಂತರು, ಎರಡನೇ ಸಲ ಓದಬೇಕಾಗಲಿಲ್ಲ.

"ವರದಿಗೆ ಸಹಿ ಹಾಕಿರೋದು ಆಕ್ಚುಯರಿ ಅಲ್ವಾ?"

"ಲೆಕ್ಕಕ್ಕೆ ಸಹಿ ಹಾಕಿದಾರೆ. ತಾರೀಖಿಗೆ ಅಲ್ಲ."

"ನಿಮ್ಮ ಪಾಲುದಾರರು ಏನಂತಾರೆ?"

"ಇನ್ನೂ ಹೇಳಿಲ್ಲ. ನಿಮಗೇ ಮೊದಲು ಹೇಳ್ತಿರೋದು."

ಮ್ಯಾನೇಜರು ತಲೆಯೆತ್ತಿ ನೋಡಿದರು. ಮಾಸ್ತರರು ಚುಚ್ಚಲು ಆಡಿದ ಮಾತಲ್ಲ ಅದು. ಬಾಯಿಂದ ಹೊರಗೆ ಬಂದ ಮೇಲೆ ಅವರಿಗೂ ಕೇಳಿಸಿತು.

"ನಾನು ಸರಿಯಿದೆ ಅಂತ ಉತ್ತರ ಕೊಟ್ಟಿದ್ದೆ," ಎಂದರು ಮ್ಯಾನೇಜರು. "ನೋಡಲಿಲ್ಲ. ಮೊತ್ತ ನೋಡಿದ ಮೇಲೆ ಬೇರೆ ಏನು ನೋಡೋಕೂ ಮನಸ್ಸು ಬರಲಿಲ್ಲ." ಖಾಲಿ ಅಂತಸ್ತುಗಳನ್ನು ಒಂದರ ಮೇಲೊಂದು ಇಡತೊಡಗಿದರು. "ಮಾಸ್ತರೇ, ಒಂದು ವರ್ಷ. ಇದೊಂದು ವರ್ಷ ದಾಟಲಿ, ಬರೋ ವರ್ಷ ನಾನೇ ತಾರೀಖು ಸರಿಮಾಡಿಸ್ತೀನಿ. ಯಾರಿಗೂ ಒಂದು ಪೈಸೆ ನಷ್ಟ ಇಲ್ಲ. ನಿವೃತ್ತಿ ಆದೋರಿಗೆ ಹೇಗೂ ಸರಿಯಾಗೇ ಕೊಡ್ತೀವಿ."

"ಕೊಡ್ತೀರಿ. ಆದರೆ ಲಾಭ ಅಂತ ಹಂಚಿಕೊಂಡ ಮೇಲೆ ಎಲ್ಲಿಂದ ಕೊಡ್ತೀರಿ? ಅದು ಲಾಭ ಅಲ್ಲ. ಅವರ ಹಳೇ ವರ್ಷಗಳು."

"ನೀವು ನನ್ನ ಜಾಗದಲ್ಲಿ ಇದ್ದಿದ್ರೆ?"

"ನಿಮ್ಮ ಜಾಗದಲ್ಲಿ ಇದ್ದಿದ್ರೆ ನಾನೂ ಕೇಳ್ತಿದ್ದೆ," ಎಂದರು ಮಾಸ್ತರರು. "ನೀವು ಇಲ್ಲಿ ಕೂತಿದ್ರೆ ಆಗಲ್ಲ ಅಂತಿದ್ರಿ."

"ಅಷ್ಟು ನಂಬಿಕೆನಾ ನನ್ನ ಮೇಲೆ?" ಮ್ಯಾನೇಜರು ನಕ್ಕರು, ಆದರೆ ಆ ನಗುವನ್ನು ಕೋಣೆಯಲ್ಲಿ ಬಿಡದೆ ಜೊತೆಗೇ ತೆಗೆದುಕೊಂಡು ಹೋದರು. ಡಬ್ಬಿಯನ್ನೂ.

ಹಿರಿಯ ಪಾಲುದಾರರು ಸುದ್ದಿ ಕೇಳಿ ಮೊದಲು ಗೊಣಗಿದರು. ವರದಿ ತಪ್ಪೆಂದು ನಾಳೆ ಬಯಲಾದರೆ ಸಹಿ ತಮ್ಮದು ಎಂಬುದು ಹೊಳೆದ ಮೇಲೆ, ಈ ಅನುಮಾನ ತಮಗೆ ಮೊದಲಿನಿಂದಲೂ ಇತ್ತು ಎಂದರು. ಕಾರ್ಖಾನೆಯವರು ಕಡತಗಳಿಂದ ತಾರೀಖು ತೆಗೆದು ಹೊಸ ಪಟ್ಟಿ ಮಾಡಿದರು. ಮಾಸ್ತರರು ಅದನ್ನೂ ತಾಳೆ ನೋಡಿ ಬಿಟ್ಟರು. ಹೊಸ ವರದಿ ಬಂತು. ಸರಾಸರಿ ಸೇವೆ ಹದಿನೇಳು ವರ್ಷವಾಯಿತು. ಹೊಣೆ ಹಿಂದಿನ ವರ್ಷಕ್ಕಿಂತ ತುಸು ಮೇಲೇ ಹೋಯಿತು. ಮ್ಯಾನೇಜರ ದಡ್ಡ ಕೂಡಿಕೆ ಅಷ್ಟೇನೂ ದಡ್ಡದಾಗಿರಲಿಲ್ಲ. ಇದನ್ನು ಅವರಿಗೆ ಹೇಳಬೇಕೆಂದು ಮಾಸ್ತರರಿಗೆ ಬಹಳ ಆಸೆಯಾಯಿತು. ಹೇಳುವ ಸಂದರ್ಭ ಒದಗಲಿಲ್ಲ.

ಯಜಮಾನರು ಮ್ಯಾನೇಜರ ಹೆಗಲ ಮೇಲಿನ ಕೈ ತೆಗೆದರು. ಖಾಲಿ ಕುರ್ಚಿಗೆ ಮಾರಾಟ ವಿಭಾಗದವರು ಬಂದರು.

ಅಂದಿನಿಂದ ಮ್ಯಾನೇಜರು ಕ್ಯಾಂಟೀನಿಗೆ ಇಳಿಯತೊಡಗಿದರು. ಜಗಳವೇನೂ ಇಲ್ಲ. ಎದುರಾದರೆ ನಿಂತು ಮಾತಾಡಿಸುತ್ತಿದ್ದರು. ಕೇಳಿದ ಕಾಗದ ಕೇಳಿದ ದಿನವೇ ಬರುತ್ತಿತ್ತು, ಹಿಂದೆಂದೂ ಅಷ್ಟು ಬೇಗ ಬಂದಿರಲಿಲ್ಲ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ, "ಬಿಸಿಲು ಜಾಸ್ತಿ ಆಯ್ತು ಈ ಸಲ," ಎಂದರು. ಮಾಸ್ತರರು ಹೌದೆಂದರು. ಮೇಲೆ ಹತ್ತಿ ಬಂದು ಕುರ್ಚಿಯಲ್ಲಿ ಕೂತು, ಬಹಳ ಹೊತ್ತು ಕಂಪ್ಯೂಟರ್ ತೆರೆಯಲಿಲ್ಲ.

ಕೊನೆಯ ದಿನ ಅವರು ಫೈಲಿನ ಆ ಭಾಗವನ್ನು ಬರೆದು ಮುಗಿಸಿದರು. ಆಕ್ಚುಯರಿಯ ಅರ್ಹತೆ, ವಿಧಾನ, ಅಂದಾಜುಗಳನ್ನು ಪರಿಶೀಲಿಸಿದ್ದೇವೆ. ಮೂಲ ಮಾಹಿತಿಯನ್ನು ನಾವೇ ತಾಳೆ ನೋಡಿದ್ದೇವೆ. ಸೇರಿದ ತಾರೀಖುಗಳನ್ನು ತಿದ್ದಿಸಿದ್ದೇವೆ. ಇಷ್ಟಾದ ಮೇಲೆ, ಇಷ್ಟರ ಮಟ್ಟಿಗೆ, ವರದಿಯನ್ನು ಅವಲಂಬಿಸಿದ್ದೇವೆ. 'ನಾವು' ಎಂದು ಬರೆಯುವುದು ವಾಡಿಕೆ. ಕೋಣೆಯಲ್ಲಿ ಒಬ್ಬರೇ ಇದ್ದರು.

ಮಧ್ಯಾಹ್ನದ ಗಂಟೆಯ ನಂತರ ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಬಲಗೈ ಚೌಕಟ್ಟಿನ ಮೇಲೆ, ಎಡಗೈ ಬೆನ್ನ ಹಿಂದೆ. ಡಬ್ಬಿ ಹಿಡಿದಿದ್ದರೋ ಇಲ್ಲವೋ ಒಳಗಿನಿಂದ ಕಾಣುತ್ತಿರಲಿಲ್ಲ.

"ಊಟ ಆಯ್ತಾ ಮಾಸ್ತರೇ?"

ಮಾಸ್ತರರ ಬ್ರೆಡ್ಡು ಚೀಲದಲ್ಲೇ ಇತ್ತು. ಇಲ್ಲ ಎಂದರೆ ಅವರು ಒಳಗೆ ಬರಬೇಕಾಗುತ್ತದೆ. ಬಂದು ಕೂತು ಏನು ಮಾತಾಡುವುದು ಎಂದು ಇಬ್ಬರೂ ಹುಡುಕಬೇಕಾಗುತ್ತದೆ. ಅವರಿಗೆ ಬರುವ ಮನಸ್ಸಿದೆಯೋ, ಕೇಳುವ ಮರ್ಯಾದೆಯೋ, ಇದಕ್ಕೆ ಯಾವ ತಜ್ಞರ ವರದಿಯೂ ಇರಲಿಲ್ಲ.

"ಆಯ್ತು," ಎಂದರು.

"ಹಾಗಾದ್ರೆ ಸರಿ." ಮ್ಯಾನೇಜರು ಇನ್ನೂ ಸ್ವಲ್ಪ ನಿಂತರು. "ಬರೋ ವರ್ಷ ನೀವೇ ಬರ್ತೀರಾ?"

"ಕಳಿಸಿದ್ರೆ ಬರ್ತೀನಿ."

ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು ಪೂರ್ತಿ ಅಡಗುವವರೆಗೂ ಮಾಸ್ತರರು ಕಾದರು. ಆಮೇಲೆ ಎದ್ದು, ಬಾಗಿಲನ್ನು ಅರ್ಧ ಮುಂದಕ್ಕೆ ತಳ್ಳಿ, ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ.